ರೆಫ್ಯೂಸ್ ಅಲ್ಲ, ರಿಫ್ಯೂಝ್

ಹೋಟೆಲಿನ ನೆಲಮಾಳಿಗೆಯಲ್ಲಿ ಕಸ ಬೇರ್ಪಡಿಸುವ ಕೆಲಸ ಅಕ್ಕನದೂ ನನ್ನದೂ. ಕಿಟಕಿಯಿಲ್ಲ. ಲಿಫ್ಟ್ ತೆರೆಯುವ ಕಾರ್ಡು ಮೇಲ್ವಿಚಾರಕನ ಕೊರಳಲ್ಲಿ. ಆ ಮೇಲ್ವಿಚಾರಕ ಅಕ್ಕನ ಮೈದುನ. ಗಂಡ ಹೋದ ಮೇಲೆ ಅಕ್ಕನಿಗೆ ಮನೆ ಅವನದೇ, ಕೆಲಸ ಅವನು ಕೊಡಿಸಿದ್ದೇ, ಕನ್ನಡ ಬಾರದ ಮ್ಯಾನೇಜರಿಗೆ ಅವಳ ಮಾತು ಮುಟ್ಟಿಸುವ ಬಾಯಿಯೂ ಅವನದೇ. ಹಗ್ಗ ಹೊಸೆದವನೇ ಗಂಟು ಹಾಕಿದರೆ ಬಿಚ್ಚುವವರು ಯಾರು?

ಅಕ್ಕನಿಗೆ ಬೇಕಿದ್ದದ್ದು ಒಂದೇ, ಮೇಲಿನ ಮಹಡಿಯ ಕೆಲಸ. ಅದಕ್ಕೇ ಇಂಗ್ಲಿಷ್ ಕಲಿಯುವವರ ನಿಘಂಟೊಂದನ್ನು ಬ್ಯಾಗಿನಲ್ಲಿ ಹೊತ್ತು ತಿರುಗುತ್ತಿದ್ದಳು. ಹೋಟೆಲಿನ ಕೆಲಸದವರು ನಾವೆಲ್ಲ ಅವಳಿಗೆ ನಿಘಂಟಕ್ಕ ಎಂದು ಹೆಸರಿಟ್ಟೆವು. ಅರ್ಥ ಸಿಕ್ಕ ಕೂಡಲೇ ಪುಸ್ತಕ ಮುಚ್ಚುವುದು ಅವಳ ಪದ್ಧತಿ.

ಕಳೆದ ವರ್ಷ ಮ್ಯಾನೇಜರ್ ಬಂದು, ಇನ್ನೊಂದು ವರ್ಷ ಇಲ್ಲೇ ಇರುತ್ತೀಯಾ ಎಂದು ಕೇಳಿದ. ಅಕ್ಕ ಧೈರ್ಯ ಮಾಡಿ, ‘ಒಲ್ಲೆ’ ಎನ್ನುವ ಅರ್ಥದಲ್ಲಿ, "ರೆಫ್ಯೂಸ್" ಎಂದಳು. ಡಬ್ಬಿಗಳ ಮೇಲಿನ ಗೋಡೆಯ ಫಲಕದಲ್ಲಿ ಅದೇ ಕಾಗುಣಿತದ ಪದವಿತ್ತು, ಅದನ್ನು ಎಲ್ಲರೂ ಹಾಗೇ ಅನ್ನುತ್ತಿದ್ದೆವಲ್ಲ! ಅವನು ಕಸದ ಡಬ್ಬಿಗಳತ್ತ ಕೈ ತೋರಿಸಿ, ಹೌದು ಹೌದು, ರೆಫ್ಯೂಸ್ ಎಂದು ನಕ್ಕ. ಮೈದುನ ಇಂಗ್ಲಿಷಿನಲ್ಲಿ ಏನೋ ಸೇರಿಸಿದ. ಮುಗಿಯಿತು, ಇನ್ನೊಂದು ವರ್ಷ.

ಅಕ್ಕ ಅತ್ತಳು. ಆಮೇಲೆ ಯಾರೂ ಓದದ ಮೊದಲ ಪುಟಗಳನ್ನು, ನಿಘಂಟು ಬಳಸುವುದು ಹೇಗೆಂಬುದನ್ನು, ಓದಲು ಕೂತಳು.

"ನೋಡೇ, ಈ ಪುಟ್ಟ ಗೀಟು. ಅಚ್ಚಿನ ಕೊಳೆ ಅಂತ ಉಗುರಲ್ಲಿ ಕೆರೀತಿದ್ದೆ. ಇದಾದ್ಮೇಲೆ ಬರೋ ತುಂಡನ್ನ ಒತ್ತಿ ಹೇಳ್ಬೇಕಂತೆ."

ಒಂದೇ ಕಾಗುಣಿತ, ಎರಡು ನಮೂದು. ನಾಮಪದಕ್ಕೆ ಗೀಟು ಮೊದಲಲ್ಲೇ, ರೆಫ್ಯೂಸ್, ಕಸ. ಕ್ರಿಯಾಪದಕ್ಕೆ ಗೀಟು ನಡುವೆ, ರಿಫ್ಯೂಝ್, ಒಲ್ಲೆನ್ನುವುದು. ಕೊನೆಯ ಸದ್ದೂ ಬೇರೆ.

"ಹಾಗಾದ್ರೆ ನಾನು ಸಾಹೇಬ್ರಿಗೆ ‘ಕಸ’ ಅಂದಿದ್ದೆ!"

ಉದಾಹರಣೆಯ ವಾಕ್ಯಗಳಲ್ಲಿ ಆ ಕ್ರಿಯಾಪದದ ನಂತರ ‘ಟು’ ಬಂದು, ಆಮೇಲೆ ಕೆಲಸದ ಪದ ಬರುತ್ತದೆಂದು ಗುರುತಿಸಿದಳು. ಜೊತೆಗೆ ಬರುವ ಪದಗಳ ಚೌಕದಲ್ಲಿ ಎರಡು ಸಿಕ್ಕವು. ಪೊಲೈಟ್ಲಿ, ಅಂದರೆ ವಿನಯದಿಂದ. ಫ್ಲ್ಯಾಟ್ಲಿ, ಅಂದರೆ ಖಡಾಖಂಡಿತವಾಗಿ.

"ವಿನಯ ಇಷ್ಟು ದಿನ ಮಾಡಿದ್ದು ಸಾಕು," ಎಂದಳು.

ಈ ವರ್ಷವೂ ಮ್ಯಾನೇಜರ್ ಬಂದ, ಅದೇ ಪ್ರಶ್ನೆ ಕೇಳಿದ. ಮೈದುನ ಬಾಯಿ ತೆರೆಯುವ ಮೊದಲೇ ಅಕ್ಕ, "ಐ ಫ್ಲ್ಯಾಟ್ಲಿ ರಿಫ್ಯೂಝ್ ಟು ಸ್ಟೇ ಹಿಯರ್," ಎಂದಳು. ಗೀಟು ಇದ್ದಲ್ಲೇ ಒತ್ತಿದಳು.

ಮ್ಯಾನೇಜರ್ ಈ ಸಲ ಡಬ್ಬಿಗಳತ್ತ ನೋಡಲಿಲ್ಲ. ಮೈದುನನತ್ತ ತಿರುಗಿ ಇಂಗ್ಲಿಷಿನಲ್ಲಿ ಸರಸರನೆ ಏನೋ ಕೇಳಿದ. ಮೈದುನನ ಮುಖ ಕಪ್ಪಿಟ್ಟಿತು.

"ಏನಂದ್ರು?" ಎಂದಳು ಅಕ್ಕ.

"ಏನಿಲ್ಲ ಬಿಡಿ, ಅತ್ತಿಗೆ."

"ಇಷ್ಟು ದಿನ ನನ್ನ ಮಾತು ಅವರಿಗೆ ಹೇಳ್ದೆ. ಇವತ್ತು ಅವರ ಮಾತು ನನಗೆ ಹೇಳು."

ಮೈದುನ ಕೊರಳಿನ ಕಾರ್ಡನ್ನು ಹಿಡಿದುಕೊಂಡು ನೆಲ ನೋಡಿದ.

"ಅತ್ತಿಗೆಗೆ ಇಲ್ಲೇ ಇಷ್ಟ, ಮೇಲೆ ಬರಲ್ಲ ಅಂತ... ಹೋದ ವರ್ಷ ನೀನೇ ಹೇಳಿದ್ಯಲ್ಲ, ಅಂತ ನನ್ನನ್ನ ಕೇಳ್ತಿದ್ದಾರೆ."