ಬಿಸಿಕಡೆಯ ನಲವತ್ನಾಲ್ಕು ಮತ

ಬಾಟಲಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಲೈಟಕ್ಕ ಅಂತಲೇ ಕರೆಯುತ್ತಿದ್ದರು. ಬೆಳಕಿನ ಪರದೆಯ ಮುಂದೆ ಕೂತು, ಸಾಲಾಗಿ ಸಾಗಿಬರುವ ಬಾಟಲಿಗಳಲ್ಲಿ ಬಿರುಕು, ಗುಳ್ಳೆ ಕಂಡದ್ದನ್ನು ಎತ್ತಿ ಬಿಸಾಡುವುದು ಇಪ್ಪತ್ತೊಂದು ವರ್ಷದಿಂದ ಅವಳ ಕೆಲಸ. "ಅಕ್ಕನ ಮುಂದೆ ಸುಳ್ಳು ಹೇಳಬೇಡ್ರೋ, ಹೊಟ್ಟೆಯೊಳಗಿನ ಗುಳ್ಳೇನೂ ಕಂಡುಹಿಡೀತಾಳೆ" ಅಂತ ಪ್ಯಾಕಿಂಗ್‌ನವರು ನಗುತ್ತಿದ್ದರು.

ಕಾರ್ಖಾನೆಗೆ ಎರಡು ಮೈ. ಕುಲುಮೆ ಮತ್ತು ಬಾಟಲಿ ಊದುವ ನಾಲ್ಕು ಯಂತ್ರಗಳಿರುವುದು ಬಿಸಿಕಡೆ. ಬಾಟಲಿ ಆರಿದ ಮೇಲೆ ತಪಾಸಣೆ, ಪ್ಯಾಕಿಂಗ್, ಗೋದಾಮು ಇರುವುದು ತಂಪುಕಡೆ. ಲೈಟಕ್ಕ ಕಾರ್ಯದರ್ಶಿಯಾಗಿರುವ ಕಾರ್ಮಿಕ ಸಂಘದ ಮುನ್ನೂರ ಹನ್ನೆರಡು ಸದಸ್ಯರಲ್ಲಿ ಬಿಸಿಕಡೆಯವರು ನಲವತ್ನಾಲ್ಕೇ ಜನ. ಅವರಲ್ಲೊಬ್ಬ ಲೈಟಕ್ಕನ ಒಡಹುಟ್ಟಿದ ತಮ್ಮ.

ತಮ್ಮನ ಕೆಲಸ ಹೇಳಲು ಸುಲಭ. ಕಾದ ಅಚ್ಚಿಗೆ ಗಾಜು ಅಂಟದಂತೆ, ಕೆಲವು ನಿಮಿಷಕ್ಕೊಮ್ಮೆ ಉದ್ದ ಹಿಡಿಯ ಕುಂಚದಲ್ಲಿ ಕಪ್ಪು ಎಣ್ಣೆ ಸವರಬೇಕು. ಅಷ್ಟೇ. ಸವರುವುದು ತಪ್ಪಿದರೆ ಬಾಟಲಿ ಕೆಡುತ್ತದೆ, ಯಂತ್ರ ನಿಲ್ಲುತ್ತದೆ, ಮೇಲ್ವಿಚಾರಕ ಮೈಮೇಲೆ ಬೀಳುತ್ತಾನೆ. ಎಂಟು ಗಂಟೆಯ ಪಾಳಿಯಲ್ಲಿ ಅವನ ಜಾಗಕ್ಕೆ ನಿಲ್ಲಲು ಇನ್ನೊಬ್ಬ ಆಳಿಲ್ಲ. ಮೂತ್ರಕ್ಕೆ ಹೋಗಬೇಕೆಂದರೆ ಪಕ್ಕದ ಯಂತ್ರದವನು ಎರಡನ್ನೂ ನೋಡಬೇಕು, ಅವನ ಬಾಯಿಂದ ಬೈಸಿಕೊಳ್ಳಬೇಕು. ಅದಕ್ಕೆ ಬಿಸಿಕಡೆಯವರು ಒಂದು ಉಪಾಯ ಕಂಡುಕೊಂಡಿದ್ದರು: ನೀರೇ ಕುಡಿಯುವುದಿಲ್ಲ. ಮೈಯೆಲ್ಲ ಬೆವರಿ ಬಸಿದುಹೋಗುವ ಜಾಗದಲ್ಲಿ ಬಾಯಿಗೆ ಬೀಗ.

ತಮ್ಮ ಎರಡು ಸಲ ತಲೆ ಸುತ್ತಿ ಬಿದ್ದಾಗ ಕಾರ್ಖಾನೆಯ ವೈದ್ಯ "ನಿಶ್ಶಕ್ತಿ" ಅಂತ ಬರೆದ. ಲೈಟಕ್ಕ ತಮ್ಮನನ್ನು ಹೊರಗಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ವರದಿ ನೋಡಿ ಕನ್ನಡಕ ತೆಗೆದಿಟ್ಟಳು. "ಕಿಡ್ನಿ ಕೈಕೊಡೋಕೆ ಶುರುವಾಗಿದೆ. ನೀರು ಕುಡೀಬೇಕು, ಗಂಟೆಗೊಮ್ಮೆ ಶಾಖದಿಂದ ಹೊರಗೆ ಬರಬೇಕು. ಹೀಗೇ ಮುಂದುವರಿದ್ರೆ ಎರಡು ಮೂರು ವರ್ಷಕ್ಕೆ ನನ್ನ ಕೈಲೂ ಏನೂ ಇರಲ್ಲ."

ಆ ವರ್ಷವೇ ಆಡಳಿತದ ಜೊತೆಗಿನ ಹಳೇ ಒಪ್ಪಂದದ ಅವಧಿ ಮುಗಿಯಿತು. ಸಂಘ ಹೊಸ ಬೇಡಿಕೆ ಪಟ್ಟಿ ಕೊಟ್ಟಿತು. ಮೊದಲನೆಯದು ಸಂಬಳ ಏರಿಕೆ, ಎರಡನೆಯದು ಬಿಸಿಕಡೆಯ ಪ್ರತಿ ಯಂತ್ರಕ್ಕೂ ಪ್ರತಿ ಪಾಳಿಯಲ್ಲೂ ಒಬ್ಬ ಬದಲಿ ಆಳು.

ಸಾಮೂಹಿಕ ಚೌಕಾಸಿ ಎಂದರೆ ಒಬ್ಬೊಬ್ಬನಾಗಿ ಹೋಗಿ ಬೇಡುವ ಬದಲು ಎಲ್ಲರೂ ಒಂದೇ ಬಾಯಾಗಿ ಕೇಳುವುದು ಅಂತ ಪರೀಕ್ಷೆಗೆ ಓದುವ ಮಕ್ಕಳು ಬರೆಯುತ್ತಾರೆ, ಅಂಕವೂ ಸಿಗುತ್ತದೆ. ಆ ಒಂದು ಬಾಯಿಯೊಳಗೆ ಎಷ್ಟು ನಾಲಿಗೆ ಅಂತ ಯಾರೂ ಕೇಳುವುದಿಲ್ಲ.

ಆರು ಸುತ್ತು ಮಾತಾಯಿತು. ಮೇಜಿನ ಆಚೆ ಎಚ್.ಆರ್. ಸಾಹೇಬ, ದನಿ ಏರಿಸದ, ಎಲ್ಲರ ಮಕ್ಕಳ ಓದು ವಿಚಾರಿಸುವ ಮನುಷ್ಯ. ಸಂಬಳದ ವಿಷಯದಲ್ಲಿ ಎಳೆದಾಡಿದರೂ ಬಗ್ಗುತ್ತಿದ್ದ. ಬದಲಿ ಆಳು ಅಂದ ಕೂಡಲೇ ಫೈಲು ಮುಚ್ಚುತ್ತಿದ್ದ.

"ಯಾಕೆ ಸಾರ್, ನಾಲ್ಕು ಯಂತ್ರ, ಮೂರು ಪಾಳಿ. ಹನ್ನೆರಡು ಜನ. ಅದಕ್ಕೆ ಯಾಕಿಷ್ಟು ಹೆದರ್ತೀರಿ?" ಅಂತ ಲೈಟಕ್ಕ ಕೇಳಿದಳು.

"ಜನರ ಲೆಕ್ಕ ಅಲ್ಲಮ್ಮ. ಶಾಖದಿಂದ ಅಪಾಯ ಇದೆ ಅಂತ ನಾವೇ ಬರೆದು ಒಪ್ಪಿಕೊಂಡ ಹಾಗಾಗುತ್ತೆ. ನಾಳೆ ಹಳಬರೆಲ್ಲ ವರದಿ ಹಿಡ್ಕೊಂಡು ಬಂದು ನಿಲ್ತಾರೆ."

ಮಾತು ಮುರಿಯಿತು. ಸಂಘ ಮುಷ್ಕರದ ನೋಟಿಸ್ ಕೊಟ್ಟಿತು. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಎರಡೂ ಕಡೆಯವರನ್ನು ಕರೆದು ಕೂರಿಸಿದ. ಅವನು ಸಂಧಾನ ನಡೆಸುತ್ತಿರುವಷ್ಟು ದಿನ ಮುಷ್ಕರ ಹೂಡುವಂತಿಲ್ಲ, ಹೂಡಿದರೆ ಕಾನೂನುಬಾಹಿರ. ಕುದಿಯುತ್ತಿದ್ದ ಹುಡುಗರನ್ನು ಲೈಟಕ್ಕ ಗೇಟಿನಲ್ಲಿ ಕೈ ಅಡ್ಡ ಹಿಡಿದು ತಡೆದಳು. ನಾಲ್ಕು ಸಭೆಯ ನಂತರ ಅಧಿಕಾರಿ ಸಂಧಾನ ವಿಫಲ ಅಂತ ವರದಿ ಕಳಿಸಿದ. ಕಾನೂನಿನಂತೆ ಮತ್ತೆ ಏಳು ದಿನ ಕಾದು, ಎಂಟನೆಯ ದಿನ ಬೆಳಗಿನ ಪಾಳಿಗೆ ಯಾರೂ ಒಳಗೆ ಹೋಗಲಿಲ್ಲ.

ಯಾರೂ ಅಂದರೆ ತಪ್ಪು. ಹತ್ತು ಜನ ಹೋದರು. ಗಾಜಿನ ಕಾರ್ಖಾನೆಗಳಲ್ಲಿ ಅದೊಂದು ಹಳೇ ನಡವಳಿಕೆ. ಎಂಥ ಮುಷ್ಕರವಿದ್ದರೂ ಕುಲುಮೆ ಕಾಯುವ ತಂಡ ಒಳಗಿರುತ್ತದೆ. ಬಾಟಲಿ ತೆಗೆಯುವುದಿಲ್ಲ, ಬೆಂಕಿ ಮಾತ್ರ ಆರಲು ಬಿಡುವುದಿಲ್ಲ. ಕುಲುಮೆ ತಣ್ಣಗಾದರೆ ಒಳಗಿನ ಗಾಜು ಕಲ್ಲಾಗಿ ಕುಲುಮೆಯೇ ಸೀಳುತ್ತದೆ. ಮತ್ತೆ ಕಟ್ಟಲು ಆರೇಳು ತಿಂಗಳು. ಅಷ್ಟು ದಿನ ಯಾರಿಗೂ ಕೆಲಸವಿಲ್ಲ. ಯಾರು ಒಳಗಿರಬೇಕು ಅನ್ನುವ ಪಟ್ಟಿಗೆ ಸಂಘ, ಆಡಳಿತ ಎರಡೂ ಸಹಿ ಹಾಕಿದ್ದವು. ತಂಡದಲ್ಲಿದ್ದವರೆಲ್ಲ ಬಿಸಿಕಡೆಯವರೇ, ಲೈಟಕ್ಕನ ತಮ್ಮನೂ ಅವರಲ್ಲೊಬ್ಬ. ಇನ್ಯಾರಿಗೆ ಬರುತ್ತದೆ ಆ ಕೆಲಸ?

ಮುಷ್ಕರದ ಐದನೆಯ ದಿನ ಪಾಳಿ ಮುಗಿಸಿ ಗೇಟಿನ ಹೊರಗೆ ಬಂದ ತಮ್ಮ. ತುಟಿ ಒಡೆದಿತ್ತು.

"ಅಕ್ಕ, ನಾವು ಹತ್ತೂ ಜನ ಈಚೆ ಬಂದುಬಿಡ್ತೀವಿ. ಎರಡು ದಿನ ಮುಂಚೆ ಹೇಳೇ ಬರ್ತೀವಿ. ಆ ಎರಡು ದಿನದಲ್ಲಿ ಸಾಹೇಬ ಓಡೋಡಿ ಬಂದು ಸಹಿ ಹಾಕ್ತಾನೆ ನೋಡು."

"ಹಾಕದಿದ್ರೆ?"

"ಹಾಕ್ತಾನೆ."

"ಹಾಕದಿದ್ರೆ ಮುನ್ನೂರು ಮನೆ ಒಲೆ ಆರುತ್ತೆ ಕಣೋ. ಸಹಿ ಹಾಕಿ ಮಾತು ಕೊಟ್ಟಿದೀವಿ. ಸಂಘದ ಮೇಲೇ ಕೇಸು ಬೀಳುತ್ತೆ. ಬೇಡ."

"ನಮ್ಮ ಕೈಲಿರೋದು ಅದೊಂದೇ ಅಕ್ಕ."

"ನಾನಿದೀನಲ್ಲ," ಅಂದಳು ಲೈಟಕ್ಕ. ಅವನು ನಂಬಿದ. ಮುಂದಿನ ಪಾಳಿಗೆ ಮರಳಿ ಕುಲುಮೆಯ ಮುಂದೆ ಹೋಗಿ ನಿಂತ.

ಒಂಬತ್ತನೆಯ ದಿನ ಸಂಧಾನಾಧಿಕಾರಿ ಮತ್ತೆ ಕರೆಸಿದ. ಎಚ್.ಆರ್. ಸಾಹೇಬ ಹೊಸ ಪ್ರಸ್ತಾವ ಇಟ್ಟ. ಸಂಬಳ ಏರಿಕೆ ಸಂಘ ಕೇಳಿದ್ದಕ್ಕಿಂತಲೂ ಜಾಸ್ತಿ! ಬದಲಿ ಆಳು ಇಲ್ಲ. ಉಳಿದ ಬೇಡಿಕೆಗಳನ್ನೆಲ್ಲ ಸಂಘ ಕೈಬಿಡಬೇಕು. ಮೂರು ವರ್ಷದ ಅವಧಿ, ಅಲ್ಲಿಯವರೆಗೆ ಒಪ್ಪಂದದ ವಿಷಯಗಳ ಮೇಲೆ ಮುಷ್ಕರವಿಲ್ಲ. ಲೈಟಕ್ಕನಿಗೆ ಅರ್ಥವಾಯಿತು. ಇದು ಮೇಜಿನ ಈಚೆ ಕೂತವರಿಗೆ ಕೊಟ್ಟ ಪ್ರಸ್ತಾವವಲ್ಲ, ಅವರ ಬೆನ್ನ ಹಿಂದೆ ಬಿಸಿಲಲ್ಲಿ ಕೂತವರಿಗೆ ಕೊಟ್ಟದ್ದು.

ಕಚೇರಿಯ ಮೆಟ್ಟಿಲಲ್ಲಿ ಸಾಹೇಬ ಒಂದು ಗಳಿಗೆ ಅವಳ ಪಕ್ಕ ನಿಂತ. "ನಿಮ್ಮ ತಮ್ಮನ ಆರೋಗ್ಯ ಸರಿಯಿಲ್ಲವಂತೆ. ಗೋದಾಮಿನಲ್ಲೊಂದು ಜಾಗ ಖಾಲಿ ಇದೆ. ಸಭೆಯಲ್ಲಿ ನೀವೊಂದು ಒಳ್ಳೇ ಮಾತು ಹೇಳಿದ್ರೆ ಸಾಕು."

"ಅವನ ಯಂತ್ರಕ್ಕೆ ಯಾರನ್ನ ಹಾಕ್ತೀರಿ?"

"ಯಾರನ್ನೋ ಒಬ್ಬರನ್ನ."

"ಆ ಯಾರೋ ಒಬ್ಬನಿಗೂ ಅಕ್ಕ ಇರ್ತಾಳೆ ಸಾರ್," ಅಂದು ಮೆಟ್ಟಿಲಿಳಿದಳು. ಈ ಮಾತನ್ನು ಯಾರಿಗೂ ಹೇಳಲಿಲ್ಲ, ತಮ್ಮನಿಗೂ.

ಪ್ರಸ್ತಾವವನ್ನು ತಾನೇ ತಿರಸ್ಕರಿಸುವ ಅಧಿಕಾರ ಅವಳಿಗಿರಲಿಲ್ಲ. ಹಿಂದಿನ ಕಾರ್ಯದರ್ಶಿ ಯಾರಿಗೂ ಹೇಳದೆ ಮಾಲೀಕರ ಕಾರಿನಲ್ಲಿ ಕೂತು ಸಹಿ ಹಾಕಿ ಬಂದಿದ್ದ. ಆ ಹೊಲಸು ಮತ್ತೆ ಆಗಬಾರದು ಅಂತ, ಆಡಳಿತ ಕೊಟ್ಟ ಕೊನೆಯ ಪ್ರಸ್ತಾವವನ್ನು ಸರ್ವಸದಸ್ಯರ ಗುಪ್ತ ಮತಕ್ಕೆ ಹಾಕಲೇಬೇಕು, ಬಹುಮತ ಬಂದಂತೆ ಕಾರ್ಯದರ್ಶಿ ನಡೆಯಲೇಬೇಕು ಅಂತ ಸಂಘದ ನಿಯಮಕ್ಕೆ ತಿದ್ದುಪಡಿ ತಂದವಳು ಅವಳೇ. ಒಂದೇ ಪೆಟ್ಟಿಗೆ, ಒಬ್ಬರಿಗೊಂದು ಮತ. ಆವತ್ತು ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಒಂದು ವಿಭಾಗದ ಜೀವಕ್ಕೆ ಸಂಬಂಧಿಸಿದ್ದಾದರೆ ಆ ವಿಭಾಗದ ಒಪ್ಪಿಗೆ ಬೇರೆಯಾಗಿ ಬೇಕು ಅಂತ ಇನ್ನೊಂದು ಸಾಲು ಬರೆಯಬೇಕೆಂದು ಆಗ ಯಾರಿಗೂ ಹೊಳೆಯಲಿಲ್ಲ. ಅವಳಿಗೂ.

ಸಭೆಯಲ್ಲಿ ಅವಳು ಗಂಟಲು ಹರಿಯುವಷ್ಟು ಹೇಳಿದಳು. "ಇವತ್ತು ಬಿಸಿಕಡೆಯವರನ್ನ ಬಿಟ್ಟುಕೊಟ್ರೆ ನಾಳೆ ನಿಮ್ಮನ್ನ ಬಿಟ್ಟುಕೊಡೋಕೆ ಅವರಿಗೆ ಏನೂ ಅನ್ಸಲ್ಲ."

ಪ್ಯಾಕಿಂಗ್‌ನಲ್ಲಿ ಎಲ್ಲರೂ ಚಿಕ್ಕಮ್ಮ ಅಂತ ಕರೆಯುವವಳು ಎದ್ದು ನಿಂತಳು. ಲೈಟಕ್ಕನ ಜೊತೆಗೇ ಕೆಲಸಕ್ಕೆ ಸೇರಿದವಳು, ಗಂಡ ಹಾಸಿಗೆ ಹಿಡಿದು ನಾಲ್ಕು ವರ್ಷ. "ಅಲ್ಲ ಕಣೇ, ನಿನ್ನ ತಮ್ಮ ಅಂತ ಇಷ್ಟು ಮಾತಾಡ್ತಿದೀಯ. ನನ್ನ ಗಂಡನಿಗೆ ಯಾರು ಬದಲಿ ಆಳು? ಒಂಬತ್ತು ದಿನದಿಂದ ಔಷಧಿ ಅಂಗಡಿಯವನು ನನ್ನ ಕಂಡ್ರೆ ಮುಖ ತಿರುಗಿಸ್ತಾನೆ. ಬಾಯಿಗೆ ಬಂದ ತುತ್ತನ್ನ ಒದೀಬೇಕಾ ನಾನು?"

ಯಾರೂ ಅವಳನ್ನು ಬೈಯಲಿಲ್ಲ. ಹಸಿದವರನ್ನು ಬೆಂದವರ ಎದುರು ನಿಲ್ಲಿಸಿ, ತಾನು ತಣ್ಣಗೆ ಕೂತವನಿಗೆ ಮಾತ್ರ ಈ ಲೋಕದಲ್ಲಿ ಬೈಗುಳ ಮುಟ್ಟುವುದೇ ಇಲ್ಲ.

ಮುನ್ನೂರು ಮತ ಬಿದ್ದವು. ಪರ ಇನ್ನೂರ ಹತ್ತೊಂಬತ್ತು, ವಿರೋಧ ಎಂಬತ್ತೊಂದು. ಬಿಸಿಕಡೆಯ ನಲವತ್ನಾಲ್ಕನ್ನು ಕಳೆದರೂ, ಮೂವತ್ತೇಳು ಜನ ತಮಗೆ ಲಾಭವಿಲ್ಲದ ಬದಲಿ ಆಳಿಗಾಗಿ ಮತ ಹಾಕಿದ್ದರು. ಅಷ್ಟು ಜನ ಇದ್ದಾರಲ್ಲ ಅಂತ ಸಮಾಧಾನಪಡಲು ನೋಡಿದಳು. ಆಗಲಿಲ್ಲ.

ಮಾರನೆಯ ದಿನ ಸಂಧಾನಾಧಿಕಾರಿಯ ಮುಂದೆ ಕಾಗದ ಬಂತು. ಅವನು ಓದಿ ಹೇಳಿದ: "ನನ್ನೆದುರು ಸಂಧಾನದಲ್ಲಿ ಆಗ್ತಿರೋ ಒಪ್ಪಂದ ಇದು. ಸಂಘದವರಿಗಷ್ಟೇ ಅಲ್ಲ, ಕಾರ್ಖಾನೆಯ ಎಲ್ಲ ಕೆಲಸಗಾರರಿಗೂ ಅನ್ವಯ. ಗೊತ್ತಲ್ಲಮ್ಮ?"

"ಗೊತ್ತು ಸಾರ್."

ಸಹಿ ಹಾಕಿದಳು. ಎಚ್.ಆರ್. ಸಾಹೇಬ ಕೈ ಮುಗಿದ. ಅವಳು ಮುಗಿಯಲಿಲ್ಲ.

ಸಂಜೆ ಸಂಘದ ಕೋಣೆಗೆ ಬಿಸಿಕಡೆಯವರು ಬಂದರು. ಪಾಳಿಯಲ್ಲಿದ್ದವರ ಕಾರ್ಡುಗಳನ್ನೂ ತಂದಿದ್ದರು. ಒಬ್ಬೊಬ್ಬರಾಗಿ ಸದಸ್ಯತ್ವದ ಕಾರ್ಡು ಮೇಜಿನ ಮೇಲಿಟ್ಟರು. ಕೊನೆಯವನು ತಮ್ಮ.

"ನಾವು ಬೇರೆ ಸಂಘ ಕಟ್ತೀವಿ."

ಅವಳು ಹೇಳಲೇಬೇಕಿತ್ತು. ಕಾರ್ಯದರ್ಶಿ ಅಲ್ಲವೇ? "ಕಟ್ಟಬಹುದು. ನಿಮ್ಮ ಹಕ್ಕು ಅದು. ಆದ್ರೆ ಈ ಒಪ್ಪಂದ ನಿಮಗೂ ಅನ್ವಯ ಆಗುತ್ತೆ. ಇದರ ಮೇಲೆ ಮೂರು ವರ್ಷ ಮುಷ್ಕರ ಮಾಡೋ ಹಾಗಿಲ್ಲ. ಶಾಖದ ವಿಷಯಕ್ಕೆ ಕಾರ್ಖಾನೆ ಇನ್‌ಸ್ಪೆಕ್ಟರಿಗೆ ದೂರು ಕೊಡಬಹುದು, ಅದನ್ನ ಯಾವ ಒಪ್ಪಂದವೂ ತಡೆಯಲ್ಲ. ನಾಳೆ ನಾನೇ ಬರೆದು ಕೊಡ್ತೀನಿ. ಬಂದು ನೋಡಿ, ವರದಿ ಬರೆದು... ಎಷ್ಟು ದಿನ ಆಗುತ್ತೋ ಗೊತ್ತಿಲ್ಲ."

"ಮೂರು ವರ್ಷ ಅಂತ ನನ್ನ ಕಿಡ್ನಿಗೂ ಒಂದು ನೋಟಿಸ್ ಕಳಿಸಿಬಿಡು," ಅಂದ ತಮ್ಮ. ಯಾರೋ ನಕ್ಕರು, ನಕ್ಕಿದ್ದಕ್ಕೆ ತಾವೇ ತಲೆ ತಗ್ಗಿಸಿದರು.

ಉಳಿದವರು ಹೊರಟ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಗೋದಾಮಿನ ಜಾಗದ ಮಾತನ್ನು ಹೇಳಿಬಿಟ್ಟಳು. ಮೆಟ್ಟಿಲು, ಸಾಹೇಬ, ತಾನು ಆಡಿದ ಉತ್ತರ, ಎಲ್ಲ.

ತಮ್ಮ ಗೋಡೆಗೆ ಒರಗಿದ.

"ನೀನು ಒಪ್ಪಿಕೊಂಡಿದ್ದಿದ್ರೆ ಜನ್ಮದಲ್ಲಿ ನಿನ್ನ ಮುಖ ನೋಡ್ತಿರಲಿಲ್ಲ ಅಕ್ಕ," ಅಂದ. "ಒಪ್ಪಲಿಲ್ಲ ಅಂತ ಗೊತ್ತಾದ ಮೇಲೂ ನೋಡೋಕಾಗ್ತಿಲ್ಲ. ಯಾಕೋ ಗೊತ್ತಿಲ್ಲ."

"ಹತ್ತು ಜನ ಈಚೆ ಬರ್ತೀವಿ ಅಂದಾಗ ನಾನು..."

"ಬಿಡು. ನಾನೂ ಕೇಳಿದೆ ನಿನ್ನ ಮಾತು."

ಬೆಳಿಗ್ಗೆ ಆರಕ್ಕೆ ಅವನ ಪಾಳಿ. ಕಾರ್ಡನ್ನು ಮೇಜಿನ ಮೇಲೇ ಬಿಟ್ಟು ಹೊರಟ. ಲೈಟಕ್ಕ ನಲವತ್ನಾಲ್ಕೂ ಕಾರ್ಡುಗಳನ್ನು ಜೋಡಿಸಿದಳು, ರಾಜೀನಾಮೆ ದಾಖಲಿಸುವ ಪುಸ್ತಕ ತೆಗೆದಳು. ನಿಯಮದ ಪ್ರಕಾರ ಹೆಸರು, ವಿಭಾಗ, ಕಾರಣ ಬರೆಯಬೇಕು. ಮೊದಲು ತಮ್ಮನ ಹೆಸರು ಬರೆದಳು. ಬಿಸಿಕಡೆ ಅಂತ ಬರೆದಳು. ಕಾರಣದ ಜಾಗದಲ್ಲಿ ಬರೆದಳು: ಕಾರ್ಯದರ್ಶಿ.