ಚಾಚಾ ಒತ್ತಿದ ‘ನೋ’

ನಾನು ಕಟ್ಟಿದ ಯಂತ್ರವೊಂದು ಒಬ್ಬ ಒಳ್ಳೆಯ ಮನುಷ್ಯನ ನೌಕರಿ ಕಳೆಯುವುದರಲ್ಲಿತ್ತು. ಯಂತ್ರಕ್ಕಿಂತ ನನ್ನ ಬಾಯಿಯದೇ ಅದರಲ್ಲಿ ಹೆಚ್ಚಿನ ಪಾಲು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆಗ ನಾನು ನೇಕಾರರ ಸಂಘವೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಮುಖ್ಯ ಕಚೇರಿ ರೋಣದಲ್ಲಿ, ಶಾಖೆಗಳು ನರಗುಂದ ಮತ್ತು ಗಜೇಂದ್ರಗಡದಲ್ಲಿ. ಮೂರಕ್ಕೂ ಬಾಡಿಗೆಯ ಟೆಲಿಫೋನ್ ತಂತಿಯ ಮೇಲೆ ಒಂದೇ ಜಾಲ. ಇಂಟರ್ನೆಟ್ ಇಲ್ಲ. ‘ಹೊರಗಿನ ಗಾಳಿ ಒಳಗ ಬರಬಾರದು’ ಎಂದು ಆಡಳಿತ ಮಂಡಳಿ ಕಟ್ಟಪ್ಪಣೆ ಮಾಡಿತ್ತು. ರೋಣಕ್ಕೆ ನೂಲು ಬಂದರೆ ಯಾವ ಊರಲ್ಲಿ ಯಾವ ದಿನ ಹಂಚುತ್ತೇವೆ ಎಂಬ ಸೂಚನೆ ಲಕೋಟೆಯಲ್ಲಿ ಬಸ್ ಕಂಡಕ್ಟರನ ಕೈಯಲ್ಲಿ ಹೋಗುತ್ತಿತ್ತು. ಲಕೋಟೆ ತಡವಾದರೆ ನೇಕಾರರು ಹಂಚಿಕೆ ಮುಗಿದ ಮರುದಿನ ಬಂದು ನಿಲ್ಲುವರು. ಮಗ್ಗ ಖಾಲಿ.

“ಲಗೂ ಮುಟ್ಟೂ ಹಂಗ ಏನರ ಮಾಡ್ರಿ ಮಾರಾಯ್ರ,” ಎಂದರು ಮ್ಯಾನೇಜರು.

ಮಾಡಿದೆ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಮೇಲ್ ಸರ್ವರ್ ಕಟ್ಟಿದೆ. ಹಂಚಿಕೆಯ ದಿನ ನಮೂದಾದ ಕೂಡಲೇ ನಮ್ಮ ಒಳಜಾಲದ ಪ್ರೋಗ್ರಾಮೇ ಎರಡೂ ಶಾಖೆಗೆ ಮೇಲ್ ಬರೆಯಬೇಕು. ಹೊರಗಿನ ವಿಳಾಸಕ್ಕೆ ಬರೆದರೆ ಸರ್ವರ್ ಮುಖಕ್ಕೆ ಹೊಡೆದಂತೆ ವಾಪಸ್ ಕಳಿಸುತ್ತದೆ. ತಂತಿ ನಮ್ಮದಲ್ಲವಲ್ಲ, ಅದರ ಮೇಲೆ ಪಾಸ್‌ವರ್ಡು ಬತ್ತಲೆ ಹೋಗಬಾರದೆಂದು ಗೂಢಲಿಪಿಯ ವ್ಯವಸ್ಥೆಯನ್ನೂ ಮಾಡಿದೆ. ಅದಕ್ಕೆ ಸರ್ವರಿನ ಹತ್ತಿರ ಒಂದು ಪ್ರಮಾಣಪತ್ರ ಬೇಕು, ಆ ಪತ್ರಕ್ಕೆ ನಂಬಿಕಸ್ಥರ ಮುದ್ರೆ ಬೇಕು. ಹೊರಗಿನವರ ಮುದ್ರೆ ಯಾಕೆಂದು ಮುದ್ರೆಯ ಅಧಿಕಾರಿಯೂ ನಾನೇ ಆದೆ. ಮುದ್ರೆಯ ಗುಟ್ಟಿನ ಕೀಲಿಯನ್ನು ಸಿ.ಡಿ.ಗೆ ಹಾಕಿ ಕಬ್ಬಿಣದ ಕಪಾಟಿನಲ್ಲಿಟ್ಟೆ. ಎಲ್ಲರಿಗೂ ತೋರಿಸಬಹುದಾದ ಭಾಗವನ್ನು ಫ್ಲಾಪಿಯಲ್ಲಿ ಹಿಡಿದು ಬಸ್ಸಿನಲ್ಲಿ ಊರೂರು ಸುತ್ತಿ, ಪ್ರತಿ ಕಂಪ್ಯೂಟರಿಗೂ ‘ಈ ಮುದ್ರೆಯನ್ನು ನಂಬು’ ಎಂದು ಹೇಳಿಕೊಟ್ಟು ಬಂದೆ. ಏನು ಜಂಬ ನನಗೆ!

ಗಜೇಂದ್ರಗಡದ ಗುಮಾಸ್ತರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅವರಿಗೆ ನಾನು ಪಾಠ ಹೇಳಿದ್ದೆ: “ಸರ್ಟಿಫಿಕೇಟ್ ಸರಿ ಇಲ್ಲ, ಮುಂದುವರಿಯಲೇನು ಅಂತ ಕೇಳಿದ್ರ ‘ಯೆಸ್’ ಒತ್ತಬ್ಯಾಡ್ರಿ. ‘ನೋ’ ಒತ್ರಿ. ಪರದಿ ಮ್ಯಾಲ ಬಂದಿದ್ದನ್ನ ಇದ್ದಂಗ ಬರದು ಲಕೋಟಿ ಕಳಸ್ರಿ. ಫೋನ್ಯಾಗ ಓದಿದ್ರ ತಪ್ಪಾಗ್ತದ.” ನರಗುಂದದ ಶಾಖೆ ನೋಡಿಕೊಳ್ಳುವ ಅಕ್ಕಾವರು ಇದೇ ಪಾಠ ಕೇಳಿ ನಕ್ಕಿದ್ದರು. ಚಾಚಾ ಮಾತ್ರ ಡೈರಿ ತೆಗೆದು ಬರೆದುಕೊಂಡರು.

ಎರಡು ವಾರದೊಳಗೆ ರಾಮಾಯಣ ಶುರುವಾಯಿತು. ನೂಲಿನ ಸೂಚನೆ ನರಗುಂದಕ್ಕೆ ಮುಟ್ಟಿತ್ತು, ಗಜೇಂದ್ರಗಡದ ಶಾಖೆಯ ಸೂಚನಾ ಫಲಕ ಏರಿರಲಿಲ್ಲ. ಹಂಚಲು ಹೋದ ಗಾಡಿ ಒಯ್ಯುವವರಿಲ್ಲದೆ ತುಂಬಿದ ನೂಲಿನೊಂದಿಗೆ ವಾಪಸ್ ಬಂತು. ನೇಕಾರರು ರೋಣಕ್ಕೇ ಬಂದು ಮ್ಯಾನೇಜರ ಮೇಜು ಕುಟ್ಟಿದರು. ಚಾಚಾರಿಗೆ ಫೋನ್ ಹೋಯಿತು. “ಮೇಲ್ ಬಂದಿಲ್ರಿ,” ಎಂದರು ಅವರು. ಮ್ಯಾನೇಜರು ನನ್ನತ್ತ ತಿರುಗಿದರು. ನಾನು ಸರ್ವರಿನ ದಾಖಲೆಯಲ್ಲಿ ಒಂದು ಸಾಲು ನೋಡಿ, “ಅವರ ಮೇಲ್ ಡಬ್ಬಿಗಿ ಮುಟ್ಟೇದ್ರಿ. ಅವ್ರ ತಗದಿಲ್ಲ,” ಎಂದೆ. ಆ ಒಂದು ಮಾತು ಸಾಕಾಯಿತು. ಚಾಚಾರನ್ನು ಅಮಾನತು ಮಾಡುವ ಪತ್ರ ಟೈಪಾಯಿತು. ಸೋಮವಾರ ಅಧ್ಯಕ್ಷರ ಸಹಿ.

ಶುಕ್ರವಾರ ಮಧ್ಯಾಹ್ನ, ನನ್ನ ಮಾತು ಎಷ್ಟು ಸರಿ ಎಂದು ಇನ್ನೊಮ್ಮೆ ನೋಡಿ ಖುಷಿಪಡಲು ಆ ದಾಖಲೆ ತೆರೆದೆ. ದಿನಾ ಬೆಳಿಗ್ಗೆ ಹತ್ತೂ ಕಾಲಿಗೆ ಗಜೇಂದ್ರಗಡದಿಂದ ಯಾರೋ ಬಾಗಿಲು ತಟ್ಟಿದ್ದಾರೆ. ಪ್ರಮಾಣಪತ್ರ ನೋಡುವ ಹಂತದಲ್ಲೇ ಹೊರಟುಹೋಗಿದ್ದಾರೆ. ದಿನಾ! ಕೆಲಸಗಳ್ಳ ದಿನಾ ಹತ್ತೂ ಕಾಲಿಗೆ ಬಾಗಿಲು ತಟ್ಟುತ್ತಾನೇನು?

ಶನಿವಾರ ಮೊದಲ ಬಸ್ಸು ಹಿಡಿದೆ. ದಾರಿಯಲ್ಲಿ ಸಿಗುವ ಸೂಡಿಯಲ್ಲಿ ಅದು ಅರ್ಧ ತಾಸು ನಿಂತಾಗ ಡ್ರೈವರನಿಗೂ ಬೈದೆ, ನನಗೂ ಬೈದುಕೊಂಡೆ.

ಚಾಚಾ ಆಗಷ್ಟೇ ಮೇನ್ ಸ್ವಿಚ್ ಹಾಕುತ್ತಿದ್ದರು. ಹಿಂದೆ ನೂಲಿನ ಗೋದಾಮು. ಬೆಂಕಿಯ ಹೆದರಿಕೆಯಿಂದ ಪ್ರತಿ ಸಂಜೆ ಇಡೀ ಕಟ್ಟಡದ ಕರೆಂಟು ತೆಗೆದು ಹೋಗುವುದು ಅಲ್ಲಿನ ರೂಢಿ. ಕಂಪ್ಯೂಟರ್ ಎದ್ದಿತು. ಮೇಲ್ ತೆರೆದರು. ಎಚ್ಚರಿಕೆ ಬಂತು. ನನ್ನ ಕಣ್ಣೆದುರೇ, ಡೈರಿ ನೋಡಿಕೊಂಡು, ‘ನೋ’ ಒತ್ತಿದರು.

“ದಿನಾ ಹಿಂಗ ಬರ್ತದ್ರಿ ಸರ. ನೀವು ಹೇಳಿದಂಗ ಬರದು ಲಕೋಟಿ ಕಳಸೇನಿ. ಜವಾಬು ಬರ್ಲಿಲ್ಲ. ಸಾಹೇಬ್ರು ಕೆಲಸದಾಗ ಇರ್ಬೇಕು ಅಂದ್ಕೊಂಡೆ.”

ನಾನು ಪರದೆಯ ಮೂಲೆಯ ಗಡಿಯಾರ ನೋಡಿದೆ. ತಾರೀಖು 2002ರ ಜನವರಿ ಒಂದು. ನಾವಿದ್ದದ್ದು 2006ರಲ್ಲಿ. ಅಯ್ಯೋ ಶಿವನೆ! ಕಂಪ್ಯೂಟರಿನೊಳಗೆ ಗಡಿಯಾರ ನಡೆಸುವ ಚಿಕ್ಕ ಬ್ಯಾಟರಿ ಸತ್ತಿತ್ತು. ಗೋಡೆಯ ಕರೆಂಟು ಇರುವಷ್ಟು ಹೊತ್ತು ನಡೆದು, ಮೇನ್ ತೆಗೆದೊಡನೆ ಎಲ್ಲ ಮರೆಯುತ್ತಿತ್ತು. ನಾನು ಫ್ಲಾಪಿ ಹಿಡಿದು ಬಂದ ದಿನ ತಾರೀಖು ಕೈಯಿಂದ ತಿದ್ದಿ, ಯಾಕೆ ತಪ್ಪಿತ್ತೆಂದು ಯೋಚಿಸದೆ, ಚಹಾ ಕುಡಿದು ಹೋಗಿದ್ದೆ. ಈ ವರ್ಷ ಹುಟ್ಟಿದ ನನ್ನ ಪ್ರಮಾಣಪತ್ರ ನಾಲ್ಕು ವರ್ಷದ ಹಿಂದೆ ಕುಳಿತ ಯಂತ್ರಕ್ಕೆ ಇನ್ನೂ ಹುಟ್ಟೇ ಇರಲಿಲ್ಲ. ಹೊರಗಿನ ಜಾಲವಿದ್ದಿದ್ದರೆ ಕಂಪ್ಯೂಟರು ತಾನೇ ಸಮಯ ಕೇಳಿಕೊಳ್ಳುತ್ತಿತ್ತು. ಬಾಗಿಲೆಲ್ಲ ಮುಚ್ಚಿದವನು ಒಳಗೊಂದು ಗಡಿಯಾರ ಇಡಬೇಕಿತ್ತು. ಇಟ್ಟಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುವವರು ಚಾಚಾ.

ರೋಣದಲ್ಲಿ ಟಪಾಲು ತೆಗೆದುಕೊಳ್ಳುವ ಆವಕ ಗುಮಾಸ್ತರಿಗೆ ಫೋನ್ ಹಚ್ಚಿದೆ. “ಗಜೇಂದ್ರಗಡದ ಲಕೋಟಿ ಎಲ್ಲಿ ಅದಾವ್ರಿ?”

“ಪೆಟಗಿ ಒಳಗ ಬಿದ್ದಾವ. ಮೇಲ್ ಬಂತು, ಇನ್ನ ಕಾಗದ ಬಂದ್ ಅಂತ ಆರ್ಡರ್ ಆತಲ್ರಿ, ಒಡದಿಲ್ಲ.”

“ಒಡೀರಿ. ಮ್ಯಾನೇಜರ ಮುಂದ ಒಡೀರಿ.”

ಅಷ್ಟರಲ್ಲಿ ಚಾಚಾ ಬಸ್ ಸ್ಟ್ಯಾಂಡ್ ಹತ್ತಿರದ ಗಡಿಯಾರದ ಅಂಗಡಿಯಿಂದ ಗುಂಡನೆಯ ಬ್ಯಾಟರಿ ತಂದರು. ಹಾಕಿದೆ, ತಾರೀಖು ತಿದ್ದಿದೆ. ಮೇನ್ ತೆಗೆದು ಹಾಕಿ ನೋಡಿದೆವು, ತಾರೀಖು ಕದಲಲಿಲ್ಲ. ಮೇಲ್ ತೆರೆದರೆ ಎಚ್ಚರಿಕೆಯ ಸುಳಿವಿಲ್ಲ. ಡಬ್ಬಿಯಲ್ಲಿ ಕಾದಿದ್ದ ಮೇಲ್‌ಗಳು ಒಂದರ ಹಿಂದೊಂದು ಇಳಿದವು, ನೂಲಿನ ಸೂಚನೆಯೂ ಸೇರಿ. ಆಹಾ, ಜೀವ ಬಂದಂತಾಯಿತು!

ಫೋನ್ ರಿಂಗಾಯಿತು. ಮ್ಯಾನೇಜರು. ಹನ್ನೊಂದು ಲಕೋಟೆ ಒಡೆದಿದ್ದರಂತೆ. ಒಂದೊಂದರಲ್ಲೂ ಅದೇ ಇಂಗ್ಲಿಷ್ ಎಚ್ಚರಿಕೆ, ದಪ್ಪ ಅಕ್ಷರದಲ್ಲಿ, ಅಲ್ಪವಿರಾಮ ಸಹಿತ. ಕೆಳಗೆ, ‘ತಾವು ಹೇಳಿದಂತೆ ನೋ ಒತ್ತಿದ್ದೇನೆ.’

“ತಪ್ಪು ನಂದ್ರಿ,” ಎಂದೆ. “ಅವ್ರೊಬ್ರ ನನ್ನ ಮಾತು ಪಾಲಿಸಿದವ್ರು.”

“ಪತ್ರ ಹರದ್ ಹಾಕ್ತೀನಿ. ಅವರಿಗಿ ಫೋನ್ ಕೊಡ್ರಿ, ನಾನ ಹೇಳ್ತೀನಿ,” ಎಂದರು ಮ್ಯಾನೇಜರು. ಚಾಚಾ ಎದ್ದು ನಿಂತು ಕೇಳಿಸಿಕೊಂಡರು. “ಇರ್ಲಿ ಬಿಡ್ರಿ, ಹೌದ್ರಿ, ಇರ್ಲಿ ಬಿಡ್ರಿ,” ಎನ್ನುತ್ತಿದ್ದರು.

ಸೋಮವಾರ ಮೇಲ್ ಸರ್ವರನ್ನೇ ಗಡಿಯಾರವಾಗಿಯೂ ಮಾಡಿದೆ. ಎಲ್ಲ ಕಂಪ್ಯೂಟರುಗಳೂ ಅದನ್ನೇ ಸಮಯ ಕೇಳತೊಡಗಿದವು. ಅದಕ್ಕೆ ವಾರಕ್ಕೊಮ್ಮೆ ರೇಡಿಯೋ ಕೇಳಿ ನಾನು ಸಮಯ ಹೇಳುತ್ತಿದ್ದೆ. ಬಂದ್ ಆದ ಟಪಾಲಿನ ಪೆಟ್ಟಿಗೆಯನ್ನೂ ದಿನಾ ಸಂಜೆ ನಾನೇ ತೆರೆದು ನೋಡತೊಡಗಿದೆ.

ಆ ಶನಿವಾರ ನನ್ನನ್ನು ಬಸ್ಸಿಗೆ ಬಿಡಲು ಚಾಚಾ ಜೊತೆಗೇ ನಡೆದು ಬಂದರು. ನಾನು ದಾರಿಯುದ್ದಕ್ಕೂ ಕ್ಷಮೆ ಕೇಳುತ್ತಲೇ ಇದ್ದೆ. ಅವರು ತೋಳು ಹಿಡಿದು ನಿಲ್ಲಿಸಿದರು.

“ಪತ್ರ ಟೈಪ್ ಆಗಿದ್ದು ನನಗ ಗೊತ್ತಿತ್ರಿ ಸರ. ನಾಕ ದಿನ ಆತು, ಮನ್ಯಾಗ ಹೇಳಿಲ್ಲ. ಮನ್ಯಾಕಿ ಊಟದ ಡಬ್ಬಿ ಕಟ್ಟಿ ಕೊಡ್ತಾಳ, ಇಲ್ಲಿ ಬಂದು ಗಂಟಲದಾಗ ಇಳೀತಿರ್ಲಿಲ್ಲ.” ಕರವಸ್ತ್ರದಿಂದ ಮುಖ ಒರೆಸಿಕೊಂಡರು. “ಇನ್ನ ಹೇಳೂದೂ ಬ್ಯಾಡ ಬಿಡ್ರಿ. ನಡೀರಿ, ಡಬ್ಬಿ ಹಂಗ ಅದ, ಇಬ್ರೂ ಉಣ್ಣೂಣು. ಬಸ್ಸು ಇನ್ನೊಂದು ಬರ್ತದ.”