ಇಪ್ಪತ್ತು ಶೇಕಡಾ ಲಾಭ ತೋರಿಸಿದ ಹಾಳೆ

ಕೆಲವು ವಿವರಗಳು ನನ್ನಲ್ಲಿ ಅದಲುಬದಲಾಗಿರಬಹುದು. ಅಂದು ಶನಿವಾರವೆಂದು ಡೈರಿಯಲ್ಲಿದೆ, ಆದರೆ ಡೈರಿ ಬರೆದದ್ದು ವಾರ ಕಳೆದ ಮೇಲೆ. ಮಾತೆಲ್ಲ ನಡೆದದ್ದು ತುಳುವಿನಲ್ಲಿ. ಇಲ್ಲಿರುವ ಕನ್ನಡ ನನ್ನದು. ಅಂಕಿಗಳು ಮಾತ್ರ ಸರಿ. ಆ ಹಾಳೆ ನನ್ನ ಬಳಿ ಇದೆ.

ಆಗ ನಾನು ಮಣಿಪಾಲದಲ್ಲಿ ಎಂಬಿಎ ಓದುತ್ತಿದ್ದೆ. ಸೋದರಮಾವ ಉಡುಪಿಯಲ್ಲಿ ಮ್ಯೂಚುವಲ್ ಫಂಡ್ ಏಜೆಂಟ್. ರಜೆಯ ದಿನಗಳಲ್ಲಿ ಅವರ ಆಫೀಸಿನಲ್ಲಿ ಕೂತು, ಗಿರಾಕಿಗಳಿಗೆ ತೋರಿಸುವ ಹಾಳೆಗಳನ್ನು ಮಾಡಿಕೊಡುತ್ತಿದ್ದೆ. ಒಂದು ಫಂಡು ಮೊದಲ ವರ್ಷ ಶೇಕಡಾ ನಲವತ್ತು ಏರಿತ್ತು, ಮರುವರ್ಷ ಮೂವತ್ತು ಇಳಿದಿತ್ತು; ಮುಂದಿನೆರಡು ವರ್ಷವೂ ಹಾಗೆಯೇ. ನಾನು ಕೂಡಿಸಿ ಕಳೆದು, ಕೆಳಗೆ ದಪ್ಪ ಅಕ್ಷರದಲ್ಲಿ ‘ಒಟ್ಟು ಲಾಭ ಶೇ. 20’ ಎಂದು ಹಾಕಿದೆ. ಲಾಗ್ ರಿಟರ್ನ್‌ಗಳನ್ನು, ಎಂದರೆ ಏರಿಳಿತದ ಲಾಗರಿದಮ್‌ಗಳನ್ನು, ಅವಧಿಯಿಂದ ಅವಧಿಗೆ ಕೂಡಿಸಬಹುದು ಎಂದು ಆ ವಾರವಷ್ಟೇ ತರಗತಿಯಲ್ಲಿ ಕೇಳಿದ್ದೆ. ‘ಕೂಡಿಸಬಹುದು’ ಎಂಬುದು ತಲೆಯಲ್ಲಿ ಉಳಿದು ‘ಲಾಗ್’ ಬಿಟ್ಟುಹೋಗಿತ್ತು. ಹಾಗೆಂದು ಈಗ ಹೇಳಿಕೊಳ್ಳುತ್ತೇನೆ. ಬಹುಶಃ ಯೋಚಿಸಿಯೇ ಇರಲಿಲ್ಲ.

ಮಾವ ಆ ಹಾಳೆಯ ಜೊತೆ ನನ್ನನ್ನೂ ಕರೆದುಕೊಂಡು ಕಾರ್ಕಳದ ತಮ್ಮ ಅಕ್ಕನ ಮನೆಗೆ ಹೋದರು. ಹೈಸ್ಕೂಲಿನ ಗಣಿತ ಟೀಚರಾಗಿದ್ದ ದೊಡ್ಡಮ್ಮ, ನಿವೃತ್ತಿಯಲ್ಲಿ ಬಂದ ಹಣವನ್ನೆಲ್ಲ ಆ ಫಂಡಿಗೆ ಹಾಕಲು ಒಪ್ಪಿದ್ದರು. ಅರ್ಜಿಯಲ್ಲಿ ಸಹಿಯೊಂದು ಬಾಕಿ.

ದೊಡ್ಡಮ್ಮ ಹಾಳೆ ನೋಡಿದರು. “ನೂರು ರೂಪಾಯಿ ಹಾಕಿ ಸುಮ್ಮನೆ ಕೂತಿದ್ದರೆ ಈಗ ಎಷ್ಟು ಉಂಟು?”

“ನೂರ ಇಪ್ಪತ್ತು,” ಎಂದೆ.

“ಬರೆದು ತೋರಿಸು ಮಾರಾಯ್ತಿ.”

ನೂರು ನೂರ ನಲವತ್ತಾಯಿತು. ಅದರಲ್ಲಿ ಶೇಕಡಾ ಮೂವತ್ತು ಹೋಗಿ ತೊಂಬತ್ತೆಂಟು. ಅಲ್ಲಿ ನನ್ನ ಕೈ ನಿಂತಿತು. ಮುಂದೆ 137.20, ಕೊನೆಗೆ 96.04. ಹಾಕಿದ ದಿನದಿಂದ ಕೊನೆಯ ದಿನದವರೆಗಿನ ಹೋಲ್ಡಿಂಗ್ ಪೀರಿಯಡ್ ರಿಟರ್ನ್ ಎಂದರೆ, ಸುಮಾರು ನಾಲ್ಕು ಶೇಕಡಾ ನಷ್ಟ.

“ಒಂದೊಂದು ವರ್ಷದ ಶೇಕಡಾ ಒಂದೊಂದು ಮೊತ್ತದ ಮೇಲೆ. ಗುಣಿಸಬೇಕಾದ್ದನ್ನು ಕೂಡಿಸಿದ್ದಿ. ಕೂಡಿಸಲೇಬೇಕಾದರೆ 1.4ರದ್ದು, 0.7ರದ್ದು ಲಾಗ್ ತೆಗೆ. ಗುಣಾಕಾರ ಲಾಗಿನಲ್ಲಿ ಸಂಕಲನ ಆಗ್ತದೆ. ಶಾಲೆಯ ರಜೆಯಲ್ಲಿ ನಾನೇ ನಿನಗೆ ಹೇಳಿಕೊಟ್ಟದ್ದು, ಅಲ್ವಾ?”

ಫೋನಿನಲ್ಲಿ ನ್ಯಾಚುರಲ್ ಲಾಗ್ ತೆಗೆದೆ: 0.3365 ಮತ್ತು −0.3567, ಎರಡೆರಡು ಸಲ. ಕೂಡಿದರೆ −0.0404. ಲಾಗಿನಿಂದ ಹಿಂದಕ್ಕೆ ತಿರುಗಿಸಿದಾಗ 0.9604. ಅದೇ ತೊಂಬತ್ತಾರು ರೂಪಾಯಿ ನಾಲ್ಕು ಪೈಸೆ.

“ಇವಳ ಎಂಬಿಎ ಫೀಸಿನ ಲಾಗ್ ಎಷ್ಟಂತೆ?” ಎಂದು ಮಾವ ನಕ್ಕರು.

“ಇಪ್ಪತ್ತು ವರ್ಷದಿಂದ ಇದೇ ಕೆಲಸ ನಿನ್ನದು. ನಿನಗೆ ಕಾಣಲಿಲ್ವಾ?” ದೊಡ್ಡಮ್ಮ ಅರ್ಜಿಯನ್ನು ಮಡಚಿ ತಮ್ಮನ ಕೈಗಿಟ್ಟರು.

ವಾಪಸು ಬರುವಾಗ ಮಾವ, ಸುತ್ತಾದರೂ, ಪಡುಬಿದ್ರಿಯ ದಾರಿ ಹಿಡಿದರು. ಕಾಪುವಿನಲ್ಲಿ ಒಂದು ಮನೆಯ ಮುಂದೆ ಕಾರು ನಿಧಾನವಾಯಿತು; ಮತ್ತೆ, ನಿಲ್ಲದೆ, ಮುಂದೆ ಹೋಯಿತು. ನಾನು ಅವರ ಮುಖ ನೋಡಲಿಲ್ಲ. ಆಗ ಕೇಳಿದ್ದು, ಆಮೇಲೆ ಎರಡು ಸಲ ಕೇಳಿಯೂ ಉತ್ತರ ಬಾರದ್ದು, ಇಷ್ಟೇ: “ಮಾವ, ಆ ಹಾಳೆ ಇನ್ನು ಯಾರಿಗೆಲ್ಲ ಕೊಟ್ಟಿದ್ದೀರಿ?”